16ಎ ಬಂತು, ಆದ್ರೂ ಲೆಕ್ಕ ಕೂಡವಲ್ದು: ಪಾರ್ಟಿ ಕಡಿಂದ ಟಿಡಿಎಸ್ ಸರ್ಟಿಫಿಕೇಟ್ ತಗಸೂದು ಹೆಂಗ

ನಮ್ದು ಬೆಳಗಾವಿ ಉದ್ಯಮಬಾಗದಾಗ ಸಣ್ಣ ಮಶೀನ್ ಶಾಪ್ ರೀ, ಎರಡು ವಿಎಂಸಿ ಮೂರು ಲೇಥ್, ಕಾಸ್ಟಿಂಗ್ ಪಾರ್ಟಿದು ಮಶೀನಿಂಗ್ ನಮ್ದು, ಅಂದ್ರ ಜಾಬ್ ವರ್ಕ್. ಹಗಲೊತ್ತು ಶಾಪ್ ಫ್ಲೋರ್ ಮ್ಯಾಲೆ ನಿಂತು, ರಾತ್ರಿ ಊಟ ಆದ ಮ್ಯಾಲೆ ಟ್ಯಾಲಿ ತಗದು ಕೂಡೂದು, ಹಿಂಗಾಗಿ ಟಿಡಿಎಸ್ ಗೋಳು ಏನು ಅನ್ನೂದು ನನಗ ಚೊಲೋ ಗೊತ್ತೈತಿ. 2024-25ರ ಕಡೀ ಕ್ವಾರ್ಟರ್‌ದಾಗ ಒಂದು ಪಾರ್ಟಿ ಜೋಡಿ ನಾಲ್ಕ ನಾಲ್ಕು ಬಿಲ್ಲಿಗೆ ಮೂರು ತಿಂಗಳು ಒದ್ದಾಡೀನಿ, ಅದನ್ನ ಮುಂದಿಟ್ಕೊಂಡು ಹಂತ ಹಂತವಾಗಿ ಹೇಳ್ತೀನಿ. ಪಾರ್ಟಿ ಹೆಸರು ಬ್ಯಾಡ, ಕೆಲಸ ಇನ್ನೂ ನಡದೈತಿ. ಇಷ್ಟು ಹೇಳಿದ್ರ ಸಾಕು, ಪ್ಲಾಂಟ್ ಇಲ್ಲೇ ಬೆಳಗಾವಿಯಾಗ, ಹೆಡ್ ಆಫೀಸು ಪುಣೆದಾಗ.

ಇನ್ನೊಂದು ಮಾತು ಮೊದ್ಲ ಹೇಳಿಬಿಡ್ತೀನಿ, 2026 ಏಪ್ರಿಲ್ 1ರಿಂದ ಹೊಸ ಇನ್‌ಕಮ್ ಟ್ಯಾಕ್ಸ್ ಕಾಯ್ದೆ ಬಂದು ಸೆಕ್ಷನ್ ನಂಬರ್ ಎಲ್ಲಾ ಬದ್ಲಾಗ್ಯಾವು. ನಾ ಇಲ್ಲಿ ಹೇಳೂದು 2024-25ರ ಲೆಕ್ಕ, ಅದಕ್ಕ ಹಳೇ ನಂಬರೇ ನಡೀತಾವು, ಅಕೌಂಟ್ಸ್ ಮಂದಿ ಬಾಯಾಗ ಸದ್ಯಕ್ಕಂತೂ ಇವ ಹೆಸರು ಅದಾವು.

ಮೊದ್ಲು ಪಾರ್ಟಿಗೆ ಫೋನ್ ಹಚ್ಚಬ್ಯಾಡ್ರಿ, ನಿಮ್ಮ ಲೆಕ್ಕ ತಗೀರಿ

ಎಲ್ಲಾರೂ ಮಾಡೂ ತಪ್ಪು ಇದ. ಜೂನ್ ಬಂತಂದ್ರ ಪಾರ್ಟಿಗೆ ಫೋನ್ ಹಚ್ಚಿ "ಸರ್ 16ಎ ಕಳಸ್ರಿ" ಅಂತೀವಿ, ಆ ಕಡಿಂದ "ಹೂಂ ಕಳಸ್ತೀನಿ" ಅಂತಾರ, ಹದಿನೈದು ದಿನ ಆದ ಮ್ಯಾಲೆ ಮತ್ತ ಅದ ಮಾತು. ಅವ್ರಿಗೆ ನೀವು ಏನು ಕೇಳಾಕತ್ತೀರಿ ಅನ್ನೂದ ಗೊತ್ತಿರಂಗಿಲ್ಲ, ಯಾವ ಕ್ವಾರ್ಟರ್, ಯಾವ ಬಿಲ್, ಎಷ್ಟು ಕಡಿಮಿ. ನಿಮಗೂ ಗೊತ್ತಿರಂಗಿಲ್ಲ, ಖರೇ ಹೇಳಬೇಕಂದ್ರ.

ಹಿಂಗಾಗಿ ಮೊದ್ಲ ಒಂದು ಶೀಟ್ ಮಾಡ್ಕೋರಿ, ಬಿಲ್ಲಿಗೆ ಒಂದು ಸಾಲು. ನನ್ನ ನಾಲ್ಕು ಬಿಲ್ ಹಿಂಗಿದ್ದುವು. ಜನವರಿದು 80,000, ಫೆಬ್ರವರಿದು 1,20,000, ಮಾರ್ಚ್ 10ರದು 95,000, ಮಾರ್ಚ್ 28ರದು 1,05,000, ಒಟ್ಟು ನಾಲ್ಕು ಲಕ್ಷ, ಮ್ಯಾಲೆ ಜಿಎಸ್‌ಟಿ ಆಗ 12 ಪರ್ಸೆಂಟ್ ಇತ್ತು. ಪಾರ್ಟಿ ಕೊಟ್ಟ ಮಾಲಿಗೆ ನಾವು ಕೆಲಸ ಮಾಡಿ ಕೊಟ್ರ ಅದು 194ಸಿ ಅಡಿ ಬರ್ತೈತಿ, ಶಾಪ್ ಒಬ್ಬನ ಹೆಸರಿನಾಗ ಪ್ರೊಪ್ರೈಟರ್ ಇದ್ರ 1 ಪರ್ಸೆಂಟ್, ಪಾರ್ಟ್ನರ್‌ಶಿಪ್ಪೋ ಕಂಪನಿಯೋ ಇದ್ರ 2. ನಂದು ಪ್ರೊಪ್ರೈಟರ್, ಹಂಗಾಗಿ ನಾಲ್ಕು ಲಕ್ಷಕ್ಕ 4,000 ಟಿಡಿಎಸ್ ಕಟ್ ಆಗಬೇಕು. ಜಿಎಸ್‌ಟಿ ಬಿಲ್‌ನ್ಯಾಗ ಬ್ಯಾರೆ ತೋರ್ಸಿದ್ರ ಅದರ ಮ್ಯಾಲೆ ಟಿಡಿಎಸ್ ಕಟ್ ಮಾಡಂಗಿಲ್ಲ ಅಂತ 2017ರ 23ನೇ ಸರ್ಕ್ಯುಲರ್ ಹೇಳ್ತೈತಿ, ಇದನ್ನ ನೆನಪಿನ್ಯಾಗ ಇಡ್ರಿ, ಮುಂದ ಬೇಕಾಗ್ತೈತಿ.

ಶೀಟ್‌ದಾಗ C ಕಾಲಮ್ಮಿಗೆ ಜಿಎಸ್‌ಟಿ ಕೂಡಿ ಬಿಲ್ ಮೊತ್ತ, D ಗೆ ಕಟ್ ಆಗಬೇಕಾದ ಟಿಡಿಎಸ್, E ಗೆ ರಿಜೆಕ್ಷನ್ ಡೆಬಿಟ್ ನೋಟ್ ಇದ್ರ ಅದು, F ಗೆ ಬ್ಯಾಂಕಿಗೆ ಬಂದ ರೊಕ್ಕ. ಆಮ್ಯಾಲೆ G ಗೆ ಇದನ್ನ ಹಾಕ್ರಿ:

```
=C2-D2-E2-F2
```

ಸೊನ್ನೆ ಬಂದ್ರ ಆ ಬಿಲ್ಲಿನ ರೊಕ್ಕ ಸರಿ ಬಂದೈತಿ ಅಂತ. ನಂಗ ಮೂರು ಬಿಲ್ಲಿಗೆ ಸೊನ್ನೆ ಬಂತು, ಮಾರ್ಚ್ 10ರ ಬಿಲ್ಲಿಗೆ ಮಾತ್ರ 114 ಉಳೀತು. ಬಿಲ್ 1,06,400, ಟಿಡಿಎಸ್ 950 ಕಳದ್ರ 1,05,450 ಬರಬೇಕಿತ್ತು, ಬಂದದ್ದು 1,05,336. ನಾ ಆಗ ಏನು ಮಾಡಿದ್ದೆ ಗೊತ್ತೇನ್ರಿ, ಟ್ಯಾಲಿಯಾಗ ಆ 114ನ್ನ ರೌಂಡ್ ಆಫ್‌ಗೆ ಹಾಕಿ ಕೈ ತೊಳಕೊಂಡಿದ್ದೆ. ನೂರಾ ಹದಿನಾಲ್ಕು ರೂಪಾಯಿ ಯಾವನು ರೌಂಡ್ ಆಫ್ ಮಾಡ್ತಾನ ಹೇಳ್ರಿ.

ಟ್ಯಾಲಿ ಒಳಗ ಇನ್ನೊಂದು. ರಸೀದಿ ಎಂಟ್ರಿ ಹಾಕುವಾಗ ಬ್ಯಾಂಕಿಗೆ ಬಂದದ್ದು ಒಂದು ಸಾಲು, ಟಿಡಿಎಸ್ ರಿಸೀವೇಬಲ್ ಒಂದು ಸಾಲು, ಎರಡೂ ಡೆಬಿಟ್, ಪಾರ್ಟಿ ಕ್ರೆಡಿಟ್, ಮತ್ತ ಪಾರ್ಟಿ ಸಾಲಿಗೆ ಬಿಲ್ ನಂಬರ್ ಆರಿಸಿ `Agst Ref` ಕೊಡ್ಲೇಬೇಕು. `On Account` ಅಂತ ಕೊಟ್ಟು ಬಿಟ್ರ ಮುಂದ ಯಾವ ರೊಕ್ಕ ಯಾವ ಬಿಲ್ಲಿಂದು ಅಂತ ಹುಡಕೂದರಾಗ ರಾತ್ರಿ ಹೋಗ್ತೈತಿ. ಟಿಡಿಎಸ್ ರಿಸೀವೇಬಲ್ ಲೆಜರ್ ವರ್ಷಕ್ಕೊಂದು ಬ್ಯಾರೆ ಮಾಡ್ರಿ, 2024-25 ಅಂತ ಹೆಸರಿನ್ಯಾಗ ಬರ್ಲಿ. ಒಂದ ಲೆಜರ್‌ದಾಗ ಐದು ವರ್ಷದ್ದು ತುಂಬಿದ್ರ ಸಿಎ ಕಡೆ ಬೈಗಳ ಗ್ಯಾರಂಟಿ.

ಆಮ್ಯಾಲೆ 26ಎಎಸ್ ತಗೀರಿ, ಒಳಗಿನ ಸಾಲು ನೋಡ್ರಿ

26ಎಎಸ್ ಅಂದ್ರ ನಿಮ್ಮ ಪ್ಯಾನ್‌ಗೆ ಜಮಾ ಆದ ಟ್ಯಾಕ್ಸಿನ ಪಟ್ಟಿ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್ ಲಾಗಿನ್ ಆಗಿ `e-File` → `Income Tax Returns` → `View Form 26AS` ಒತ್ತಿದ್ರ ಟ್ರೇಸಸ್ ಸೈಟಿಗೆ ಒಯ್ತೈತಿ. ಅಲ್ಲಿ ಅಸೆಸ್‌ಮೆಂಟ್ ಇಯರ್ ಕೇಳ್ತೈತಿ, 2024-25ರ ದುಡಿಮಿಗೆ 2025-26 ಆರಿಸ್ಬೇಕು. ನಗಬ್ಯಾಡ್ರಿ, ಈ ಒಂದು ವರ್ಷದ ಗೊಂದಲಕ್ಕ ಪಾರ್ಟಿಯವ್ರು ನಂಗ ಹಿಂದಿನ ವರ್ಷದ 16ಎ ಎರಡು ಸಲ ಕಳಿಸ್ಯಾರ, ಸರ್ಟಿಫಿಕೇಟ್ ಮ್ಯಾಲೂ ಅಸೆಸ್‌ಮೆಂಟ್ ಇಯರೇ ದೊಡ್ಡದಾಗಿ ಇರ್ತೈತಿ.

ಪಾರ್ಟಿ ಹೆಸರಿನ ಮುಂದ ಒಟ್ಟು ಮೊತ್ತ ಕಾಣ್ತೈತಿ, ಅಲ್ಲಿಗೆ ನಿಲ್ಲಬ್ಯಾಡ್ರಿ, ಆ ಸಾಲು ಬಿಚ್ಚಿ ಒಳಗಿಂದು ನೋಡ್ರಿ. ಒಳಗ ಸೆಕ್ಷನ್, ತಾರೀಖು, ಬುಕಿಂಗ್ ಸ್ಟೇಟಸ್, ಎಷ್ಟು ರೊಕ್ಕಕ್ಕ ಎಷ್ಟು ಟಿಡಿಎಸ್, ಎಲ್ಲಾ ಬರ್ತೈತಿ. ಬಿಲ್ ನಂಬರ್ ಮಾತ್ರ ಎಲ್ಲೂ ಬರಂಗಿಲ್ಲ. 16ಎ ಒಳಗೂ ಬರಂಗಿಲ್ಲ. ಅಲ್ಲಿ ಇರೂ ತಾರೀಖು ನಿಮ್ಮ ಬಿಲ್ ತಾರೀಖಲ್ಲ, ಪಾರ್ಟಿ ತನ್ನ ಬುಕ್ಕಿನ್ಯಾಗ ನಿಮ್ಮ ಬಿಲ್ ಹಾಕಿದ ತಾರೀಖು ಇಲ್ಲಾ ರೊಕ್ಕ ಕೊಟ್ಟ ತಾರೀಖು, ಯಾವುದು ಮೊದ್ಲೋ ಅದು. ಅದಕ್ಕ ತಾರೀಖು ಹಿಡಕೊಂಡು ಹೊಂದಿಸ್ಲಿಕ್ಕೆ ಹೋದ್ರ ತಲಿ ಕೆಡ್ತೈತಿ, ಮೊತ್ತ ಹಿಡಕೊಂಡು ಹೋಗ್ರಿ.

ನಾ ಜೂನ್ 20ಕ್ಕ ತಗದು ನೋಡಿದ್ರ ಎರಡ ಸಾಲು ಇದ್ದುವು. ಒಂದು 80,000ಕ್ಕ 800. ಇನ್ನೊಂದು 1,06,400ಕ್ಕ 1,064. ಮುಗೀತು. 4,000 ಇರೂ ಜಾಗಾದಾಗ 1,864.

ಎರಡನೇ ಸಾಲು ನೋಡಿದ ಕೂಡ್ಲೆ ಆ 114ರ ಗಂಟು ಬಿಚ್ಚಿತು. 1,06,400 ಅಂದ್ರ ಜಿಎಸ್‌ಟಿ ಕೂಡಿದ ಮೊತ್ತ, ಅದರ ಮ್ಯಾಲೆ 1 ಪರ್ಸೆಂಟ್ ಕಟ್ ಮಾಡ್ಯಾರ. ಇದಕ್ಕ ಜಗಳಾ ಮಾಡೂ ಕಾರಣಿಲ್ಲ, 26ಎಎಸ್‌ದಾಗ ಬಂದೈತಿ ಅಂದ್ರ ಆ 114 ನಮ್ಮ ಹೆಸರಿಗೆ ಸರಕಾರದ ಕಡೆ ಜಮಾ ಐತಿ, ರಿಟರ್ನ್ ಹಾಕುವಾಗ ಸಿಗ್ತೈತಿ. ರೌಂಡ್ ಆಫ್‌ದಿಂದ ತಗದು ಟಿಡಿಎಸ್ ರಿಸೀವೇಬಲ್‌ಗೆ ಹಾಕಿದ್ರ ಆತು. ಮುಂದಿನ ಬಿಲ್ಲಿಗೆ ಹಂಗ ಮಾಡಬ್ಯಾಡ್ರಿ ಅಂತ ಒಂದು ಮೇಲ್ ಹಾಕ್ರಿ, ಅಷ್ಟ.

ಉಳಿದದ್ದು ಫೆಬ್ರವರಿಯ 1,200 ಮತ್ತ ಮಾರ್ಚ್ 28ರ 1,050.

ಇಲ್ಲದ ಸಾಲು ಯಾಕಿಲ್ಲ ಅಂತ ಅಂದಾಜು ಮಾಡೂದು

ಪಾರ್ಟಿ ನಿಮ್ಮ ರೊಕ್ಕ ಕಟ್ ಮಾಡಿದ ಮ್ಯಾಲೆ ಅದು ಮೂರು ಬಾಗಲಾ ದಾಟಿ ನಿಮ್ಮ 26ಎಎಸ್‌ಗೆ ಬರಬೇಕು. ಒಂದು, ಮುಂದಿನ ತಿಂಗಳ 7ನೇ ತಾರೀಖಿನ ಒಳಗ ಚಲನ್ ಕಟ್ಟಬೇಕು, ಮಾರ್ಚ್‌ದಷ್ಟು ಏಪ್ರಿಲ್ 30ರ ತನಕ ನಡೀತೈತಿ. ಎರಡು, ಕ್ವಾರ್ಟರ್ ಮುಗದ ಮ್ಯಾಲೆ 26ಕ್ಯೂ ಅನ್ನೂ ಟಿಡಿಎಸ್ ರಿಟರ್ನ್ ಹಾಕಬೇಕು, ಜುಲೈ 31, ಅಕ್ಟೋಬರ್ 31, ಜನವರಿ 31, ಕಡೀದು ಮೇ 31. ಮೂರು, ಆ ರಿಟರ್ನ್‌ನ್ಯಾಗ ನಿಮ್ಮ ಪ್ಯಾನ್ ಮುಂದ ಸರಿಯಾದ ಮೊತ್ತ ಇರಬೇಕು. ರಿಟರ್ನ್ ಪ್ರೊಸೆಸ್ ಆದ ಮ್ಯಾಲೆ ಅವ್ರಿಗೆ 16ಎ ಟ್ರೇಸಸ್‌ದಿಂದ ಇಳಿಸ್ಕೊಳ್ಳಾಕ ಬರ್ತೈತಿ, ರಿಟರ್ನ್ ಗಡುವು ಮುಗದು 15 ದಿನದಾಗ ನಿಮಗ ಕೊಡಬೇಕು. ಅಂದ್ರ ಕಡೀ ಕ್ವಾರ್ಟರ್‌ದ್ದು ಜೂನ್ 15. ಏಪ್ರಿಲ್‌ದಾಗ ಫೋನ್ ಮಾಡಿ 16ಎ ಕೇಳಿದ್ರ ಅವ್ರ ಕಡೆ ಇರೂದ ಇಲ್ಲ, ಸುಮ್ನ ನಮ್ಮ ಮಾತಿನ ತೂಕ ಹೋಗ್ತೈತಿ.

ಈಗ ನೋಡ್ರಿ, ಆ ಕ್ವಾರ್ಟರ್‌ದ ಒಂದೂ ಸಾಲು ನಿಮ್ಮ 26ಎಎಸ್‌ದಾಗ ಇಲ್ಲ, ಹಿಂದಿನ ಕ್ವಾರ್ಟರ್‌ದ್ದು ಅದಾವು ಅಂದ್ರ ಬಹುತೇಕ 26ಕ್ಯೂ ಹಾಕಿಲ್ಲ. ಸಾಲು ಐತಿ ಆದ್ರ ಸ್ಟೇಟಸ್ `F` ಬಿಟ್ಟು `U` ಐತಿ ಅಂದ್ರ ಅವ್ರು ಬರದ ಚಲನ್ ನಂಬರ್ ಬ್ಯಾಂಕಿನ ಲೆಕ್ಕಕ್ಕ ಕೂಡಿಲ್ಲ, ಅದು ರಿಪೇರಿ ಆಗೂ ತನಕ ಕ್ರೆಡಿಟ್ ಸಿಗಂಗಿಲ್ಲ. ಒಂದ ಕ್ವಾರ್ಟರ್‌ದ ಕೆಲವು ಬಿಲ್ ಅದಾವು ಕೆಲವು ಇಲ್ಲ ಅಂದ್ರ ರಿಟರ್ನ್ ಹಾಕ್ಯಾರ ಅಂತ ಖಾತ್ರಿ ಆತು, ತಪ್ಪು ನಿಮ್ಮ ಸಾಲಿನ್ಯಾಗ ಐತಿ. ನಂದು ಇದ. ಇದನ್ನ ತಿಳಕೊಂಡು ಫೋನ್ ಮಾಡಿದ್ರ ಮಾತಾಡೂ ರೀತಿನ ಬ್ಯಾರೆ ಆಗ್ತೈತಿ, "ರಿಟರ್ನ್ ಹಾಕೀವಿ ಸರ್" ಅಂತ ಅಂದು ಕಳಿಸಾಕ ಬರಂಗಿಲ್ಲ ಅವ್ರಿಗೆ.

ಯಾರಿಗೆ ಕೇಳ್ಬೇಕು, ಯಾವಾಗ ಕೇಳ್ಬೇಕು

26ಎಎಸ್‌ದಾಗ ಪಾರ್ಟಿ ಟ್ಯಾನ್ ನಂಬರ್ ಇರ್ತೈತಿ, ಹತ್ತು ಅಕ್ಷರ, ಮೊದ್ಲ ನಾಲ್ಕು ಇಂಗ್ಲಿಷ್ ಅಕ್ಷರ, ನಡುವ ಐದು ಅಂಕಿ, ಕಡೀಕೊಂದು ಅಕ್ಷರ. ಮೊದ್ಲ ಮೂರು ಅಕ್ಷರ ಊರು ಹೇಳ್ತಾವು. ನನ್ನ ಪಾರ್ಟಿದು `PNE` ಅಂತಿತ್ತು, ಅಂದ್ರ ಪುಣೆ. ಅಷ್ಟೊತ್ತಿಗೆ ನಾ ಇಲ್ಲಿ ಪ್ಲಾಂಟಿನ ಅಕೌಂಟ್ಸ್‌ದವ್ರ ಬೆನ್ನ ಹತ್ತಿ ಒಂದು ವಾರ ಆಗಿತ್ತು. ಪಾಪ ಅವ್ರ ಕಡೆ ಏನಿಲ್ಲ, ಟಿಡಿಎಸ್ ಎಲ್ಲಾ ಪುಣೆದಾಗ ಆಗೂದು, ಇವ್ರು ನಮ್ಮ ಬಿಲ್ ಸ್ಕ್ಯಾನ್ ಮಾಡಿ ಕಳಸೂದು ಅಷ್ಟ.

"ಅಣ್ಣಾರ, ನಮ್ಮ ಕೈಯಾಗ ಇದ್ರ ನಿನ್ನೀನ ಕೊಟ್ಟಿರ್ತಿದ್ದೆ," ಅಂದ್ರು ಅವ್ರು. "ನೀವು ಟ್ಯಾಕ್ಸೇಶನ್ ಟೇಬಲ್‌ಗೆ ಮೇಲ್ ಹಾಕ್ರಿ, ನನ್ನ ಸಿಸಿ ಒಳಗ ಇಡ್ರಿ, ನಾ ಇಲ್ಲಿಂದ ದೂಡ್ತೀನಿ."

ಆ ಸಿಸಿ ಮಾತು ಬಂಗಾರದಂಥಾದ್ದು. ಪರ್ಚೇಸ್‌ದವ್ರಿಗೆ ಕೇಳಿದ್ರ ಅವ್ರು ಸ್ಟೋರ್ಸ್ ಕಡೆ ತೋರಿಸ್ತಾರ, ಸ್ಟೋರ್ಸ್‌ದವ್ರು ಅಕೌಂಟ್ಸ್ ಅಂತಾರ. ಟಿಡಿಎಸ್ ಕೆಲಸ ಮಾಡೂ ಒಬ್ಬ ಮನಶ್ಯಾ ಎಲ್ಲಿ ಅದಾನ ಅನ್ನೂದು ಹುಡಕಿ ಅವ್ನ ಹೆಸರು ಮೇಲ್ ಐಡಿ ಬರದಿಟ್ಕೋರಿ, ಸಣ್ಣ ಪಾರ್ಟಿ ಇದ್ರ ಅದು ಹೊರಗಿನ ಸಿಎ ಆಫೀಸಿನ ಆರ್ಟಿಕಲ್ ಹುಡುಗ ಇರ್ತಾನ.

ಮತ್ತ ತಿಂಗಳ 7, 11, 20ರ ಹಿಂದ ಮುಂದ ಫೋನ್ ಹಚ್ಚಬ್ಯಾಡ್ರಿ. 7ಕ್ಕ ಟಿಡಿಎಸ್ ಕಟ್ಟೂದು, 11ಕ್ಕ ಜಿಎಸ್‌ಟಿಆರ್-1, 20ಕ್ಕ 3ಬಿ. ಆ ದಿನದಾಗ ಅವ್ರು ಫೋನ್ ತಗದ್ರೂ ಕಿವಿ ಕಡೆ ಇರಂಗಿಲ್ಲ. ನಾ 22, 23ರ ಮಧ್ಯಾಹ್ನ ನಾಲ್ಕರ ಮ್ಯಾಲೆ, ಚಾ ಕುಡಿಯೂ ಹೊತ್ತಿಗೆ ಹಚ್ತೀನಿ, ಪುಣೆದವ್ರ ಜೋಡಿ ಮರಾಠಿ ಒಳಗ ಎರಡು ಮಾತು ಆಡಿದ್ರ ಇನ್ನೂ ಚೊಲೋ.

ಮೇಲ್ ಹೆಂಗ ಬರೀಬೇಕು

ಒಂದು ಮೇಲ್‌ದಾಗ ಒಂದ ವಿಷಯ. ಅದನ್ನ ಓದಿದವ ಇನ್ನೊಂದು ಫೈಲ್ ತಗೀದ ಕೆಲಸ ಶುರು ಮಾಡುವಂಗಿರಬೇಕು. ನಾ ಕಳಸಿದ್ದು ಹೆಚ್ಚುಕಡಿಮಿ ಹಿಂಗಿತ್ತು, ಅವ್ರ ಭಾಷೆದಾಗ ಕಳಿಸಿದ್ದೆ, ಇಲ್ಲಿ ಕನ್ನಡದಾಗ:

"ನಮಸ್ಕಾರ ಸರ್. ವಿಷಯ: 2024-25 ಕ್ವಾರ್ಟರ್ 4, ಸೆಕ್ಷನ್ 194ಸಿ, ಟಿಡಿಎಸ್ 1,200 ನಮ್ಮ 26ಎಎಸ್‌ದಲ್ಲಿ ಬಂದಿಲ್ಲ. ಫೆಬ್ರವರಿ 12ರ ನಮ್ಮ ಬಿಲ್, ಜಿಎಸ್‌ಟಿ ಬಿಟ್ಟು 1,20,000, ಜಿಎಸ್‌ಟಿ 14,400. ನೀವು 1,200 ಕಟ್ ಮಾಡಿ 1,33,200 ಬ್ಯಾಂಕಿಗೆ ಹಾಕಿದ್ದೀರಿ, ನಿಮ್ಮ ಪೇಮೆಂಟ್ ಅಡ್ವೈಸ್ ಇದರ ಜೊತೆ ಇದೆ. ಇದೇ ಕ್ವಾರ್ಟರ್‌ನ ಬೇರೆ ಎರಡು ಬಿಲ್ 26ಎಎಸ್‌ದಲ್ಲಿ ಬಂದಿವೆ. ದಯವಿಟ್ಟು ಈ ಬಿಲ್ಲನ್ನು 26ಕ್ಯೂದಲ್ಲಿ ಯಾವ ಪ್ಯಾನ್ ಮುಂದೆ ತೋರಿಸಿದ್ದೀರಿ, ಚಲನ್‌ನ ಬಿಎಸ್‌ಆರ್ ಕೋಡ್, ತಾರೀಖು, ಸೀರಿಯಲ್ ನಂಬರ್ ತಿಳಿಸಿ. ಕ್ವಾರ್ಟರ್ 4ರ 16ಎ ಮತ್ತು ಜನವರಿಯಿಂದ ಮೇವರೆಗೆ ನಿಮ್ಮ ಬುಕ್ಕಿನಲ್ಲಿ ನಮ್ಮ ಲೆಜರ್ ಸಹ ಕಳಿಸಿ."

ಕಡೀ ಸಾಲಿನ ಲೆಜರ್ ಕೇಳೂದು ಮರೀಬ್ಯಾಡ್ರಿ, ಗಂಟು ಬಿಚ್ಚೂದು ಅದರಿಂದನ. ಪೇಮೆಂಟ್ ಅಡ್ವೈಸ್ ಅಂದ್ರ ಎನ್‌ಇಎಫ್‌ಟಿ ಹಾಕಿದಾಗ ಪಾರ್ಟಿ ಕಡಿಂದ ತಾನ ಬರೂ ಮೇಲ್, ಯಾವ ಬಿಲ್ಲಿಗೆ ಎಷ್ಟು, ಎಷ್ಟು ಟಿಡಿಎಸ್ ಅಂತ ಇರ್ತೈತಿ. ಮಂದಿ ಅದನ್ನ ಓದದ ಡಿಲೀಟ್ ಮಾಡ್ತಾರ. ಪಾರ್ಟಿ ಕಟ್ ಮಾಡಿದ್ದಕ್ಕ ನಿಮ್ಮ ಕಡೆ ಇರೂ ಲಿಖಿತ ಸಾಕ್ಷಿ ಅದೊಂದ, ಒಂದು ಫೋಲ್ಡರ್ ಮಾಡಿ ಇಡ್ರಿ.

ಜುಲೈ 3ಕ್ಕ 16ಎ ಬಂತು. ಖುಷಿಯಾಗಿ ತಗದು ನೋಡಿದ್ರ ಅದರಾಗೂ 1,864. ಆಗಬೇಕಾದ್ದ ಹಂಗ, 26ಎಎಸ್ ಮತ್ತ 16ಎ ಎರಡೂ ಒಂದ ರಿಟರ್ನ್‌ದಿಂದ ಹುಟ್ತಾವು, ಅಲ್ಲಿ ಇಲ್ಲದ್ದು ಇಲ್ಲಿ ಎಲ್ಲಿಂದ ಬರ್ತೈತಿ? ಪಾರ್ಟಿಯವ್ರು ಮಾತ್ರ "ಸರ್ಟಿಫಿಕೇಟ್ ಕೊಟ್ಟೀವಿ, ಮ್ಯಾಟರ್ ಕ್ಲೋಸ್" ಅಂದುಬಿಟ್ರು. ಇಲ್ಲಿ ನೀವು "ಥ್ಯಾಂಕ್ಯೂ ಸರ್" ಅಂತ ಉತ್ತರ ಕೊಟ್ರ ನಿಮ್ಮ ಕೇಸ್ ಅವ್ರ ಲಿಸ್ಟ್‌ದಿಂದ ಹೋತು. "16ಎ ಮುಟ್ಟಿತು, 1,200ರ ಪ್ರಶ್ನೆ ಹಂಗ ಉಳದೈತಿ" ಅಂತ ಅದ ಮೇಲ್‌ಗೆ ಉತ್ತರ ಹಾಕ್ರಿ, ಹೊಸಾ ಮೇಲ್ ಬ್ಯಾಡ.

ಹಂಗ ಕೆಲವು ಕಡೆ ಎಕ್ಸೆಲ್‌ದಾಗ ಟೈಪ್ ಮಾಡಿ ಸಿಕ್ಕಾ ಹೊಡದ 16ಎ ಕಳಸ್ತಾರ. ಅದು ನಡಿಯಂಗಿಲ್ಲ. ಟ್ರೇಸಸ್‌ದಿಂದ ಇಳಿಸಿದ್ದಕ್ಕ ಸರ್ಟಿಫಿಕೇಟ್ ನಂಬರ್, ಟ್ರೇಸಸ್ ಗುರುತು ಇರ್ತೈತಿ. ಅಲ್ಲಿಂದ ಬರೂದೂ ಸೀದಾ ಪಿಡಿಎಫ್ ಅಲ್ಲ, ಜಿಪ್ ಫೈಲ್ ಬರ್ತೈತಿ, ಅದನ್ನ ಟ್ರೇಸಸ್‌ದ್ದ ಕನ್ವರ್ಟರ್‌ದಾಗ ಹಾಕಿ ಪಿಡಿಎಫ್ ಮಾಡಿ ಸಹಿ ಹಾಕಬೇಕು, "ನಾಳೆ ಕೊಡ್ತೀನಿ" ಅಂತ ಅವ್ರು ಅಂದ್ರ ಪ್ರತಿ ಸಲ ಸುಳ್ಳಿರಂಗಿಲ್ಲ.

1,200 ಎಲ್ಲಿ ಹೋಗಿತ್ತು

ಲೆಜರ್ ಬರಾಕ ಜುಲೈ ಕಡೀ ಆತು. ಬಂತು, ಆದ್ರ ಅದರಾಗ ಫೆಬ್ರವರಿ ಬಿಲ್ಲೇ ಇಲ್ಲ! ರೊಕ್ಕ ನನ್ನ ಬ್ಯಾಂಕಿಗೆ ಬಂದೈತಿ, ಅವ್ರ ಬುಕ್ಕಿನ ನನ್ನ ಲೆಜರ್‌ದಾಗ ಬಿಲ್ ಇಲ್ಲ. ಅರ್ಧಾ ತಾಸು ಹಂಗ ಕುಂತೆ. ಆಮ್ಯಾಲೆ ಪೇಮೆಂಟ್ ಅಡ್ವೈಸ್ ಮತ್ತ ತಗದು ನಾಲ್ಕೂ ಒಂದರ ಪಕ್ಕ ಒಂದು ಇಟ್ಟು ನೋಡಿದ್ರ, ಫೆಬ್ರವರಿದರ ಮ್ಯಾಲೆ ವೆಂಡರ್ ಕೋಡ್ ಬ್ಯಾರೆ.

2022ರ ತನಕ ಶಾಪ್ ನಮ್ಮ ಅಪ್ಪನ ಹೆಸರಿಗಿತ್ತು. ಆಮ್ಯಾಲೆ ನನ್ನ ಹೆಸರಿಗೆ ಹೊಸ ಪ್ಯಾನ್ ಹೊಸ ಜಿಎಸ್‌ಟಿ ಮಾಡಿ ಎಲ್ಲಾ ಪಾರ್ಟಿಗೆ ಕಾಗದ ಕೊಟ್ಟಿದ್ದೆ, ಬೋರ್ಡಿನ ಹೆಸರು ಮಾತ್ರ ಅದ. ಇವ್ರು ಹೊಸ ಕೋಡ್ ಮಾಡ್ಯಾರ, ಹಳೇದು ಬಂದ್ ಮಾಡಿಲ್ಲ, ಬ್ಯಾಂಕ್ ಖಾತೆ ನಂಬರ್ ಮಾತ್ರ ಎರಡರಾಗೂ ನಂದು ಹಾಕ್ಯಾರ. ಬಿಲ್ ಎಂಟ್ರಿ ಮಾಡಿದ ಹುಡುಗ ಹೆಸರು ಟೈಪ್ ಮಾಡಿದಾಗ ಎರಡು ಬಂದಿರ್ತಾವು, ಮೊದ್ಲಿಂದು ಒತ್ಯಾನ. ರೊಕ್ಕ ನನ್ನ ಖಾತೆಗೆ, ಟಿಡಿಎಸ್ ಅಪ್ಪನ ಪ್ಯಾನ್‌ಗೆ.

ರಾತ್ರಿ ಒಂಬತ್ತಕ್ಕ ಅಪ್ಪನ ಕಡೆ ಹೋಗಿ "ಒಂದು ಓಟಿಪಿ ಬರ್ತೈತಿ ಹೇಳ್ರಿ" ಅಂದ್ರ "ಓಟಿಪಿ ಯಾರಿಗೂ ಹೇಳಬಾರದು ಅಂತ ನೀನ ಹೇಳಿದ್ದಿ" ಅಂತ ಕುಂತ್ರು ಅವ್ರು. ಕಡೀಕ ಅವ್ರ 26ಎಎಸ್ ತಗದ್ರ ಐತಿ ರೀ, 1,20,000, 194ಸಿ, 1,200, ಸ್ಟೇಟಸ್ `F`, ಠೀಕಠಾಕ.

ಇದರಾಗ ತಿಳ್ಕೊಳ್ಳಬೇಕಾದ್ದು ಒಂದೈತಿ. ಹಾಕಿದ ಪ್ಯಾನ್ ಯಾರದೂ ಅಲ್ಲದ ಸುಳ್ಳು ನಂಬರ್ ಇದ್ರ ಟ್ರೇಸಸ್ ತಾನ ಪಾರ್ಟಿಗೆ ನೋಟಿಸ್ ಕಳಸ್ತೈತಿ, 20 ಪರ್ಸೆಂಟ್ ಯಾಕ ಕಟ್ ಮಾಡಿಲ್ಲ ಅಂತ, ಆಗ ಅವ್ರ ನಿಮ್ಮ ಬೆನ್ನ ಹತ್ತಿ ಬರ್ತಾರ. ಪ್ಯಾನ್ ಖರೇ ಇದ್ದು ಬ್ಯಾರೆಯವ್ರದಿದ್ರ ಅವ್ರ ಕಡೆ ಯಾವ ಕೆಂಪು ದೀಪಾನೂ ಹತ್ತಂಗಿಲ್ಲ. ಅವ್ರ ಲೆಕ್ಕ ಪೂರ್ತಿ ಸರಿ ಕಾಣ್ತೈತಿ. ನೀವು ಹುಡಕದಿದ್ರ ಯಾರೂ ಹುಡಕಂಗಿಲ್ಲ.

ಅಪ್ಪನ ರಿಟರ್ನ್‌ನ್ಯಾಗ ಕ್ಲೇಮ್ ಮಾಡಿಬಿಡೂದು ಸಲೀಸಲ್ಲಾ ಅಂತ ನಮ್ಮ ತಮ್ಮ ಅಂದ. ಬ್ಯಾಡ. ದುಡಿಮಿ ನನ್ನ ರಿಟರ್ನ್‌ನ್ಯಾಗ, ಕ್ರೆಡಿಟ್ ಅವ್ರ ರಿಟರ್ನ್‌ನ್ಯಾಗ ಅಂದ್ರ ಮುಂದ ಅವ್ರಿಗೆ 1,20,000ದ ದುಡಿಮಿ ಎಲ್ಲಿ ಅಂತ ಪ್ರಶ್ನೆ ಬರ್ತೈತಿ. ಇದಕ್ಕ ದಾರಿ ಅಂದ್ರ ಪಾರ್ಟಿ ಆ ಕ್ವಾರ್ಟರ್‌ದ 26ಕ್ಯೂಗೆ ಕರೆಕ್ಷನ್ ಸ್ಟೇಟ್‌ಮೆಂಟ್ ಹಾಕಿ ಪ್ಯಾನ್ ಬದ್ಲಿ ಮಾಡೂದು. ಅವ್ರಿಗೆ ಅದರಿಂದ ಹೊಸಾ ಟ್ಯಾಕ್ಸ್ ಏನೂ ಬೀಳಂಗಿಲ್ಲ, ಕಟ್ಟಿದ ಚಲನ್ ಅದ, ಹೆಸರು ಅಷ್ಟ ಬದ್ಲಿ. ಈ ಮಾತನ್ನ ಮೇಲ್‌ದಾಗ ಬಿಡಿಸಿ ಬರೀರಿ, ಯಾಕಂದ್ರ ಕರೆಕ್ಷನ್ ಅಂದ ಕೂಡ್ಲೆ ಅವ್ರು ಬಡ್ಡಿ ದಂಡ ಬೀಳ್ತೈತಿ ಅಂತ ಹೆದರ್ತಾರ. ಎರಡೂ ಪ್ಯಾನ್ ಕಾರ್ಡ್ ಪ್ರತಿ, 2022ರ ಕಾಗದ, ಅಪ್ಪ ಸಹಿ ಮಾಡಿದ "ಈ ಬಿಲ್ ನಂದಲ್ಲ" ಅನ್ನೂ ನಾಲ್ಕು ಸಾಲು, ಇಷ್ಟನ್ನ ಒಂದ ಪಿಡಿಎಫ್ ಮಾಡಿ ಕೊಟ್ಟೆ.

ದೂಡಿದ್ರೂ ಹೋಗದಿದ್ರ

ಆಗಸ್ಟ್ ಅರ್ಧಾ ಆದ್ರೂ "ಪ್ರೋಸೆಸ್‌ದಾಗ ಐತಿ". ಆಗ ನಾ ಹಿಡದದ್ದು ಬ್ಯಾಲೆನ್ಸ್ ಕನ್ಫರ್ಮೇಶನ್. ದೊಡ್ಡ ಪಾರ್ಟಿಗಳಿಗೆ ಆಡಿಟ್ ಇರ್ತೈತಿ, ಅವ್ರು ವೆಂಡರ್ ಮಂದಿಗೆ "ಮಾರ್ಚ್ 31ಕ್ಕ ನಿಮ್ಮ ಬಾಕಿ ಇಷ್ಟು, ಸಹಿ ಮಾಡಿ ಕಳಸ್ರಿ" ಅಂತ ಪತ್ರ ಕಳಸ್ತಾರ. ನಾವು ಕಣ್ಮುಚ್ಚಿ ಸಹಿ ಹಾಕಿ ವಾಪಸ್ ಕಳಸ್ತೀವಿ. ಹಂಗ ಮಾಡಬ್ಯಾಡ್ರಿ. ಸಹಿ ಹಾಕಿ ಕೆಳಗ "ನಮ್ಮ ಲೆಕ್ಕಕ್ಕ ಒಪ್ಪಂಗಿಲ್ಲ, ಫೆಬ್ರವರಿ 12ರ ಬಿಲ್ ಬ್ಯಾರೆ ವೆಂಡರ್ ಕೋಡ್‌ಗೆ ಹೋಗೈತಿ, ಟಿಡಿಎಸ್ 1,200 ತಪ್ಪು ಪ್ಯಾನ್‌ಗೆ ಹೋಗೈತಿ" ಅಂತ ಬರದು ಕಳಸ್ರಿ. ಆ ಕಾಗದ ಅವ್ರ ಆಡಿಟರ್ ಕೈಗೆ ಹೋಗ್ತೈತಿ, ಟಿಡಿಎಸ್ ಬಗ್ಗೆ ಆಡಿಟರ್ ತನ್ನ 3ಸಿಡಿ ರಿಪೋರ್ಟ್‌ದಾಗ ಬರೀಬೇಕಾಗ್ತೈತಿ, ಹಿಂಗಾಗಿ ನಮ್ಮ ಹತ್ತು ಫೋನ್ ಮಾಡದ ಕೆಲಸಾನ ಅವ್ರ ಆಡಿಟರ್‌ದು ಒಂದು ಪ್ರಶ್ನೆ ಮಾಡ್ತೈತಿ. ನಂಗ ನಾಲ್ಕನೇ ದಿನಕ್ಕ ಪುಣೆದಿಂದ ಅವ್ರ ಫೋನ್ ಬಂತು.

ಕಾನೂನಿನ ಮಾತು ಬೇಕಂದ್ರ ಅದೂ ಐತಿ. 16ಎ ಕೊಡದಿದ್ರ 272ಎ ಅಡಿ ದಿನಕ್ಕ 500 ರೂಪಾಯಿ ದಂಡ, 26ಕ್ಯೂ ತಡಾ ಆದ್ರ 234ಇ ಅಡಿ ದಿನಕ್ಕ 200, ಎರಡೂ ಆ ಟಿಡಿಎಸ್ ಮೊತ್ತ ಮೀರಂಗಿಲ್ಲ. ಆದ್ರ ನನ್ನ ಅಭಿಪ್ರಾಯದಾಗ ಇದನ್ನ ಮೊದ್ಲ ಮೇಲ್‌ದಾಗ ಬರಿಯೂದು ದಡ್ಡತನ, ಮುಂದಿನ ತಿಂಗಳು ಕೆಲಸ ಕೊಡವ್ರೂ ಅವ್ರ. ನಾಲ್ಕನೇ ನೆನಪೋಲೆದಾಗ, ಸೆಕ್ಷನ್ ನಂಬರ್ ಅಷ್ಟ, ಬೆದರಿಕಿ ದನಿ ಇಲ್ಲದ.

ಕಟ್ ಮಾಡಿ ಸರಕಾರಕ್ಕ ಕಟ್ಟೇ ಇಲ್ಲ ಅಂತ ಗೊತ್ತಾದ್ರ ಅದು ಬ್ಯಾರೆ ಕಥಿ. ನೀವು ಕ್ಲೇಮ್ ಮಾಡಿದ್ರ ಪ್ರೊಸೆಸಿಂಗ್‌ದಾಗ 26ಎಎಸ್‌ಗೆ ಕೂಡದ ಡಿಮಾಂಡ್ ಬರ್ತೈತಿ. ಅಲ್ಲಿ ಸೆಕ್ಷನ್ 205 ನಿಮ್ಮ ಕಡೆ ಐತಿ, ಒಮ್ಮೆ ನಿಮ್ಮ ರೊಕ್ಕದಾಗ ಕಟ್ ಆದ ಟ್ಯಾಕ್ಸ್ ಮತ್ತ ನಿಮ್ಮ ಕಡೆ ವಸೂಲಿ ಮಾಡಂಗಿಲ್ಲ, ಸಿಬಿಡಿಟಿ 2015ರ ಜೂನ್ 1 ಮತ್ತ 2016ರ ಮಾರ್ಚ್ 11ಕ್ಕ ತನ್ನ ಅಧಿಕಾರಿಗಳಿಗೆ ಇದನ್ನ ಬರದು ತಿಳಿಸೈತಿ. ಕಟ್ ಆಗೈತಿ ಅಂತ ತೋರ್ಸೂ ಹೊಣಿ ನಿಮ್ದು, ಆ ಹೊತ್ತಿಗೆ ಬೇಕಾಗೂದು ಅದ ಪೇಮೆಂಟ್ ಅಡ್ವೈಸ್, ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್. ಡಿಮಾಂಡ್ ಬಂದೈತಿ ಅಂತ ಹೆದರಿ ಕಟ್ಟಿಬಿಡಬ್ಯಾಡ್ರಿ, ಪೋರ್ಟಲ್‌ದಾಗ ಒಪ್ಪಂಗಿಲ್ಲ ಅಂತ ಉತ್ತರ ಹಾಕ್ರಿ, ಸಿಎಗೆ ತೋರಿಸ್ರಿ.

ಕರೆಕ್ಷನ್ ಆದ ಮ್ಯಾಲೆ

ಆಗಸ್ಟ್ ಕಡೀಕ ಕರೆಕ್ಷನ್ ಹಾಕಿದ್ರು. ಅವ್ರು "ಹಾಕೀವಿ" ಅಂದದ್ದಕ್ಕ ನಂಬಿ ಕೂಡಬ್ಯಾಡ್ರಿ, ಎರಡೂ 26ಎಎಸ್ ತಗದು ನೋಡ್ರಿ. ಸೆಪ್ಟೆಂಬರ್ ಮೊದ್ಲ ವಾರದಾಗ ಅಪ್ಪನದರಾಗ ಆ 1,200 ಮೈನಸ್ ಆಗಿ ಬಂದಿತ್ತು, ನನ್ನದರಾಗ ಹೊಸಾ ಸಾಲು, ಸ್ಟೇಟಸ್ `F`. ಈಗ ಕೇಳ್ಬೇಕು ಹೊಸಾ 16ಎ, ಹಳೇ 1,864ದು ಹರದು ಹಾಕಬ್ಯಾಡ್ರಿ, ಫೈಲ್‌ದಾಗ ಎರಡೂ ಇರ್ಲಿ. ಹೊಸಾದ್ರಾಗ 3,064 ಬಂತು.

ಆ ವರ್ಷ ರಿಟರ್ನ್ ಗಡುವು ಸೆಪ್ಟೆಂಬರ್ 16ರ ತನಕ ಎಳದಿದ್ರು, ಹಿಂಗಾಗಿ ನಾ ಪಾರಾದೆ. ಗಡುವು ಬಂದು ಸಾಲು ಬರದಿದ್ರ ಸಾಕ್ಷಿ ಇಟ್ಕೊಂಡು ಕ್ಲೇಮ್ ಮಾಡಿ ಹಾಕಬಹುದು, ಇಲ್ಲಾ ಇದ್ದಷ್ಟು ಹಾಕಿ ಆಮ್ಯಾಲೆ ರಿವೈಸ್ ಮಾಡಬಹುದು, ಆ ವರ್ಷ ಅದಕ್ಕ ಡಿಸೆಂಬರ್ 31ರ ತನಕ ಟೈಮ್ ಇತ್ತು. ಸಣ್ಣ ಮೊತ್ತಕ್ಕ ನಾ ಎರಡನೇದ್ದ ಮಾಡ್ತೀನಿ, ನೋಟಿಸ್ ಕಾಟ ಇರಂಗಿಲ್ಲ.

ಮಾರ್ಚ್ 28ರ ಬಿಲ್

ಉಳಿದದ್ದು 1,050. ಲೆಜರ್ ಬಂದಾಗ ಇದು ಕಂಡಿತ್ತು, ನಾ ಮಾರ್ಚ್ 28ಕ್ಕ ಬಿಲ್ ಮಾಡೀನಿ, ಮಾಲು ಅವ್ರ ಗೇಟ್ ಒಳಗ ಹೋಗಿ ಇನ್‌ಸ್ಪೆಕ್ಷನ್ ಮುಗದು ಅವ್ರು ಬುಕ್ ಮಾಡಿದ್ದು ಏಪ್ರಿಲ್ 4. ರೊಕ್ಕ ಬಂದದ್ದು ಮೇದಾಗ. ಹಿಂಗಾಗಿ ಟಿಡಿಎಸ್ 2025-26ರ ಮೊದ್ಲ ಕ್ವಾರ್ಟರ್‌ಗೆ ಹೋತು, ದುಡಿಮಿ ನನ್ನ ಕಡೆ 2024-25. ಅವ್ರದೂ ತಪ್ಪಿಲ್ಲ, ನಂದೂ ತಪ್ಪಿಲ್ಲ, ಇದಕ್ಕ ಕರೆಕ್ಷನ್ ಕೇಳಿದ್ರ ಅವ್ರು ಮಾಡಂಗಿಲ್ಲ, ಕೇಳೂದೂ ಸರಿ ಅಲ್ಲ.

ಇಂಥಾದ್ದಕ್ಕ ಅಂತನ 2023ರ ಅಕ್ಟೋಬರ್‌ದಿಂದ ಫಾರ್ಮ್ 71 ಬಂದೈತಿ. ದುಡಿಮಿ ಹಿಂದಿನ ವರ್ಷದ ರಿಟರ್ನ್‌ನ್ಯಾಗ ತೋರ್ಸೀನಿ, ಟಿಡಿಎಸ್ ಮುಂದಿನ ವರ್ಷ ಕಟ್ ಆಗೈತಿ, ಕ್ರೆಡಿಟ್ ಹಿಂದಿನ ವರ್ಷಕ್ಕ ಕೊಡ್ರಿ ಅಂತ ಕೇಳೂ ಅರ್ಜಿ. ಕಟ್ ಆದ ವರ್ಷ ಮುಗದು ಎರಡು ವರ್ಷದ ತನಕ ಟೈಮ್, ನಂಗಾದ್ರ 2028 ಮಾರ್ಚ್ 31. ಆ ಸಾಲನ್ನ ಮಾತ್ರ ಮುಂದಿನ ವರ್ಷದ ರಿಟರ್ನ್‌ನ್ಯಾಗ ಕ್ಲೇಮ್ ಮಾಡಬಾರದು, ಎರಡೂ ಕಡೆ ತಗೊಂಡಂಗ ಆಗ್ತೈತಿ.

ಟ್ಯಾಲಿಯಾಗ ಈಗ 2024-25ರ ಟಿಡಿಎಸ್ ರಿಸೀವೇಬಲ್ ಲೆಜರ್ 4,114 ತೋರ್ಸ್ತೈತಿ, ಅದರಾಗ 3,064 ರಿಟರ್ನ್‌ನ್ಯಾಗ ಹೋತು, 1,050ರ ಮುಂದ ನರೇಶನ್‌ದಾಗ "ಫಾರ್ಮ್ 71 ಬಾಕಿ" ಅಂತ ಬರದಿಟ್ಟೀನಿ. ಮತ್ತ ಮಾರ್ಚ್ 20ರ ಮ್ಯಾಲೆ ಈ ಪಾರ್ಟಿಗೆ ಮಾಲು ಹೋದ್ರ ಇನ್‌ಸ್ಪೆಕ್ಷನ್ ಮುಗಸಿ 31ರ ಒಳಗ ಬುಕ್ ಮಾಡ್ತೀರೇನು ಅಂತ ಮೊದ್ಲ ಕೇಳಿ ಬಿಲ್ ಕಳಸ್ತೀನಿ. ಹೋದ ಸಲ ಕೇಳಿದ್ದಕ್ಕ ಪ್ಲಾಂಟಿನ ಅಣ್ಣಾರು ನಕ್ಕು, "ಹಳೇ ವೆಂಡರ್ ಕೋಡ್ ಬ್ಲಾಕ್ ಮಾಡ್ಸೀನಿ ರೀ, ಮೊದ್ಲ ಅದನ್ನ ಕೇಳ್ರಿ" ಅಂದ್ರು.